ಹಳೆಯ ವರ್ಷದ ತಪ್ಪಿಗೆ ಯಾವ ವರ್ಷದ ಲಾಭ ಹೊಣೆ?

2025ರ ಮಾರ್ಚ್ 10ರಂದು ಇಂಡಸ್‌ಇಂಡ್ ಬ್ಯಾಂಕ್ ಷೇರು ವಿನಿಮಯ ಕೇಂದ್ರಗಳಿಗೆ ಒಂದು ಪತ್ರ ಬರೆಯಿತು. ತನ್ನ ಡಿರೈವೇಟಿವ್ ವ್ಯವಹಾರಗಳ ಲೆಕ್ಕದಲ್ಲಿ ವ್ಯತ್ಯಾಸ ಕಂಡುಬಂದಿದೆ, 2024ರ ಡಿಸೆಂಬರ್‌ನ ನಿವ್ವಳ ಸಂಪತ್ತಿಗೆ ಸುಮಾರು ಶೇಕಡ 2.35ರಷ್ಟು ಪೆಟ್ಟು ಬೀಳಬಹುದು ಎಂಬುದು ಅದರ ಸಾರ. ಮರುದಿನವೇ ಷೇರಿನ ಬೆಲೆ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಏಪ್ರಿಲ್ ಕೊನೆಯ ಹೊತ್ತಿಗೆ ಹೊರಗಿನ ತಜ್ಞರ ತನಿಖೆ ಮುಗಿದು, ಪೆಟ್ಟಿನ ಗಾತ್ರ ಸುಮಾರು 1,960 ಕೋಟಿ ರೂಪಾಯಿ ಎಂದು ಗೊತ್ತಾಯಿತು. ಬ್ಯಾಂಕ್ ಅದನ್ನು 2024–25ರ ಲಾಭ-ನಷ್ಟ ಖಾತೆಗೇ ಹಾಕಿತು. ಕಿರುಸಾಲದ ಹೊಡೆತವೂ ಸೇರಿ ಆ ವರ್ಷದ ಕೊನೆಯ ತ್ರೈಮಾಸಿಕದಲ್ಲಿ 2,329 ಕೋಟಿ ರೂಪಾಯಿ ನಷ್ಟವಾಯಿತು. ಹಿಂದಿನ ವರ್ಷದ ಅದೇ ತ್ರೈಮಾಸಿಕಕ್ಕೆ ಪ್ರಕಟವಾಗಿದ್ದದ್ದು 2,349 ಕೋಟಿ ಲಾಭ.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಓದುಗನಿಗೆ, ಬ್ಯಾಂಕ್ ಒಂದೇ ವರ್ಷದಲ್ಲಿ ಹಾಳಾಯಿತು ಎನಿಸುತ್ತದೆ. ಆದರೆ ತಪ್ಪಿನ ಬೇರು ಇದ್ದದ್ದು ಬ್ಯಾಂಕಿನ ಒಂದು ವಿಭಾಗ ಇನ್ನೊಂದು ವಿಭಾಗದೊಂದಿಗೆ ನಡೆಸುತ್ತಿದ್ದ ಆಂತರಿಕ ವ್ಯವಹಾರಗಳಲ್ಲಿ. ಅವನ್ನು ಅವಧಿಗೆ ಮುಂಚೆ ಮುಗಿಸಿದಾಗ ಕೈಗೆ ಬಾರದ ಲಾಭ ಪುಸ್ತಕಕ್ಕೆ ಏರುತ್ತಿತ್ತು ಎಂದು ತನಿಖೆ ಹೇಳಿತು. ಅಂಥ ವ್ಯವಹಾರಗಳು 2024ರ ಏಪ್ರಿಲ್ 1ರಿಂದಲೇ ನಿಂತಿದ್ದವು. ಅಂದರೆ ಲಾಭ ಉಬ್ಬಿದ್ದು ಹಿಂದಿನ ವರ್ಷಗಳಲ್ಲಿ, ದಂಡ ತೆತ್ತದ್ದು ಆ ವ್ಯವಹಾರವೇ ಇರದ ವರ್ಷ.

ಹೊರೆಯನ್ನು ಆ ವರ್ಷಕ್ಕೆ ಹಾಕಿದ್ದರಲ್ಲಿ ಬ್ಯಾಂಕ್ ನಿಯಮ ಮುರಿಯಲಿಲ್ಲ. ಭಾರತದ ಬ್ಯಾಂಕುಗಳು ಇಂದಿಗೂ ಹಳೆಯ ಲೆಕ್ಕಪತ್ರ ಮಾನದಂಡಗಳಲ್ಲೇ ಇವೆ. ಹೊಸ ಇಂಡ್ ಎಎಸ್ ಮಾನದಂಡಗಳನ್ನು ಬ್ಯಾಂಕುಗಳಿಗೆ ಅನ್ವಯಿಸುವುದನ್ನು ರಿಸರ್ವ್ ಬ್ಯಾಂಕ್ 2019ರ ಮಾರ್ಚ್‌ನಲ್ಲಿ ಅನಿರ್ದಿಷ್ಟ ಕಾಲ ಮುಂದೂಡಿತು. ಹಳೆಯ ಎಎಸ್ 5 ಹೇಳುವುದು ಇಷ್ಟೆ: ಹಿಂದಿನ ಅವಧಿಯ ತಪ್ಪು ಈಗ ಸಿಕ್ಕಿದರೆ ಅದನ್ನು ಈಗಿನ ವರ್ಷದ ಲಾಭ-ನಷ್ಟದಲ್ಲೇ ಸೇರಿಸಿ, ಪ್ರತ್ಯೇಕವಾಗಿ ಕಾಣುವಂತೆ ತೋರಿಸಿ. ದೊಡ್ಡ ಕಂಪನಿಗಳು 2016ರಿಂದ ಪಾಲಿಸುತ್ತಿರುವ ಇಂಡ್ ಎಎಸ್ 8 ಇದಕ್ಕೆ ತದ್ವಿರುದ್ಧ. ತಪ್ಪು ಯಾವ ವರ್ಷದ್ದೋ ಆ ವರ್ಷದ ಅಂಕಿಯನ್ನೇ ತಿದ್ದಿ, ಈ ವರ್ಷದ ಲಾಭವನ್ನು ಅದರ ಪಾಡಿಗೆ ಬಿಡಿ ಎನ್ನುತ್ತದೆ ಅದು.

ಯಾವುದು ಸರಿ? ಉತ್ತರಕ್ಕೆ ಮುನ್ನ ಮಾನದಂಡ ಮಾಡುವ ಮೂರು ವಿಂಗಡಣೆಗಳನ್ನು ಗಮನಿಸಬೇಕು. ಲೆಕ್ಕಪತ್ರ ನೀತಿ ಎಂದರೆ ಕಂಪನಿ ಆರಿಸಿಕೊಂಡ ವಿಧಾನ. ದಾಸ್ತಾನಿನ ವೆಚ್ಚವನ್ನು ಮೊದಲು ಬಂದದ್ದು ಮೊದಲು ಹೋಯಿತು ಎಂದು ಲೆಕ್ಕ ಹಾಕುವುದೋ, ಸರಾಸರಿಯಲ್ಲಿ ಹಾಕುವುದೋ ಎಂಬಂಥದ್ದು. ಅದನ್ನು ಬದಲಾಯಿಸಿದರೆ, ಹೊಸ ನೀತಿ ಮೊದಲಿನಿಂದಲೂ ಇತ್ತೇನೋ ಎಂಬಂತೆ ಹಿಂದಿನ ಅಂಕಿಗಳನ್ನೂ ಬದಲಾಯಿಸಬೇಕು. ಅಂದಾಜು ಎಂದರೆ ಖಚಿತವಾಗಿ ಅಳೆಯಲಾಗದ ಮೊತ್ತ. ಯಂತ್ರದ ಆಯಸ್ಸು, ಬಾರದ ಸಾಲ, ವಾರಂಟಿ ಖರ್ಚು. ಅದು ಬದಲಾದರೆ ಹಿಂದಕ್ಕೆ ಹೋಗುವಂತಿಲ್ಲ, ಇಂದಿನಿಂದ ಮುಂದಕ್ಕಷ್ಟೇ. ಮೂರನೆಯದು ತಪ್ಪು. ಕೂಡುವ ಕಳೆಯುವ ಎಡವಟ್ಟಿನಿಂದ ಹಿಡಿದು ವಂಚನೆಯವರೆಗೆ ಎಲ್ಲವೂ ಇದರಲ್ಲಿ ಬರುತ್ತದೆ.

ನೀತಿ ಬದಲಾವಣೆಯ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಅದು ಹೆಚ್ಚಾಗಿ ಹೊಸ ಮಾನದಂಡದ ಜೊತೆಗೇ ಬರುತ್ತದೆ, ಆ ಮಾನದಂಡ ಬೇರೆ ದಾರಿಯನ್ನೂ ಕೊಟ್ಟಿರುತ್ತದೆ. 2019ರ ಏಪ್ರಿಲ್‌ನಲ್ಲಿ ಗುತ್ತಿಗೆಗಳ ಹೊಸ ನಿಯಮ ಬಂದಾಗ ಬೆಂಗಳೂರಿನ ಇನ್ಫೋಸಿಸ್ ಹಳೆಯ ವರ್ಷದ ಅಂಕಿಗಳನ್ನು ಮುಟ್ಟದೆ, ಒಟ್ಟು ಪರಿಣಾಮವನ್ನು ಆರಂಭದ ಮೀಸಲಿಗೆ ಹೊಂದಿಸಿತು. ನಿಯಮವೇ ಅದಕ್ಕೆ ಅವಕಾಶ ಕೊಟ್ಟಿತ್ತು. ಕಷ್ಟ ಇರುವುದು ಅಂದಾಜು ಮತ್ತು ತಪ್ಪುಗಳ ನಡುವಿನ ಗಡಿಯಲ್ಲಿ.

ಒಂದು ಕಾರ್ಖಾನೆಯ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೆಲೆ 1 ಕೋಟಿ ರೂಪಾಯಿ, ಆಯಸ್ಸು 10 ವರ್ಷವೆಂದು ಲೆಕ್ಕ, ವರ್ಷಕ್ಕೆ 10 ಲಕ್ಷ ಸವಕಳಿ. ನಾಲ್ಕು ವರ್ಷ ಕಳೆದ ಮೇಲೆ ಪುಸ್ತಕದಲ್ಲಿ ಉಳಿದದ್ದು 60 ಲಕ್ಷ. ಐದನೆಯ ವರ್ಷದ ಆರಂಭದಲ್ಲಿ ಎಂಜಿನಿಯರುಗಳು ಯಂತ್ರವನ್ನು ಪರೀಕ್ಷಿಸಿ, ಇನ್ನು ಮೂರೇ ವರ್ಷ ನಡೆಯುತ್ತದೆ ಎನ್ನುತ್ತಾರೆ. ಇದು ಅಂದಾಜಿನ ಬದಲಾವಣೆ. 60 ಲಕ್ಷವನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 20 ಲಕ್ಷ ಸವಕಳಿ. ಹಳೆಯ ವರ್ಷಗಳು ಇದ್ದ ಹಾಗೇ ಇರುತ್ತವೆ.

ಈಗ ಒಂದೇ ಸಂಗತಿ ಬದಲಾಗಲಿ. ಯಂತ್ರ ಒಟ್ಟು ಏಳು ವರ್ಷವಷ್ಟೇ ಬಾಳುತ್ತದೆ ಎಂಬ ವರದಿ ಎರಡನೆಯ ವರ್ಷದ ಕೊನೆಯಲ್ಲೇ ಕಾರ್ಖಾನೆಯ ಕಡತ ಸೇರಿತ್ತು, ಲೆಕ್ಕ ವಿಭಾಗ ಅದನ್ನು ನೋಡಲಿಲ್ಲ. ಹಾಗಾದರೆ ಇದು ತಪ್ಪು. ಎರಡು ವರ್ಷದ ನಂತರ ಉಳಿದಿದ್ದ 80 ಲಕ್ಷವನ್ನು ಐದು ವರ್ಷಕ್ಕೆ ಹಂಚಿ ವರ್ಷಕ್ಕೆ 16 ಲಕ್ಷ ಸವಕಳಿ ಬರೆಯಬೇಕಿತ್ತು. ಮೂರನೆಯ ಮತ್ತು ನಾಲ್ಕನೆಯ ವರ್ಷಗಳಲ್ಲಿ ತಲಾ 6 ಲಕ್ಷ ಕಡಿಮೆ ಬಿತ್ತು. ತೆರಿಗೆಯನ್ನು ಬದಿಗಿಟ್ಟರೆ, ಇಂಡ್ ಎಎಸ್ 8ರ ಪ್ರಕಾರ ಐದನೆಯ ವರ್ಷದ ವರದಿಯಲ್ಲಿ ಹೋಲಿಕೆಗೆ ಕೊಡುವ ನಾಲ್ಕನೆಯ ವರ್ಷದ ಸವಕಳಿ 10ರಿಂದ 16 ಲಕ್ಷಕ್ಕೆ ಏರುತ್ತದೆ. ಮೂರನೆಯ ವರ್ಷದ 6 ಲಕ್ಷ ಆರಂಭದ ಮೀಸಲಿನಿಂದ ಕಳೆಯುತ್ತದೆ. ಮೊತ್ತ ಗಣನೀಯವಾಗಿದ್ದರೆ ನಾಲ್ಕನೆಯ ವರ್ಷದ ಆರಂಭದ ಮೂರನೆಯದೊಂದು ಬ್ಯಾಲೆನ್ಸ್ ಶೀಟ್ ಕೂಡ ಅಚ್ಚಾಗಬೇಕು. ಐದನೆಯ ವರ್ಷ ಹೊರುವುದು ತನ್ನ ಪಾಲಿನ 16 ಲಕ್ಷ ಮಾತ್ರ. ಹಳೆಯ ಎಎಸ್ 5ರಲ್ಲಾದರೆ ಅದೇ ವರ್ಷ 16 ಲಕ್ಷದ ಜೊತೆ ಹಿಂದಿನ 12 ಲಕ್ಷವನ್ನೂ ಹೊತ್ತು 28 ಲಕ್ಷಕ್ಕೆ ಮುಟ್ಟುತ್ತದೆ.

ಯಂತ್ರ ಒಂದೇ, ಆಯಸ್ಸು ಒಂದೇ. ಆದರೂ ಐದನೆಯ ವರ್ಷದ ಖರ್ಚು 20 ಲಕ್ಷ, 16 ಲಕ್ಷ, 28 ಲಕ್ಷ ಎಂದು ಮೂರು ಬಗೆಯಾಗಿ ಬರುತ್ತದೆ. ಅಂದಾಜು ಮತ್ತು ತಪ್ಪನ್ನು ಬೇರ್ಪಡಿಸುವುದು ಒಂದೇ ಪ್ರಶ್ನೆ: ಲೆಕ್ಕಕ್ಕೆ ಸಹಿ ಬಿದ್ದ ದಿನ ಆ ಮಾಹಿತಿ ಲಭ್ಯವಿತ್ತೇ, ಪ್ರಯತ್ನಪಟ್ಟಿದ್ದರೆ ಸಿಗುತ್ತಿತ್ತೇ? ಇಂದು ತಿಳಿದದ್ದನ್ನು ಅಂದೂ ತಿಳಿದಿತ್ತು ಎಂದು ಭಾವಿಸುವಂತಿಲ್ಲ ಎಂದು ಮಾನದಂಡ ಸ್ಪಷ್ಟವಾಗಿ ಹೇಳುತ್ತದೆ. ಈ ಪ್ರಶ್ನೆಯೇ ಇಂಡ್ ಎಎಸ್ 8ರ ಅತಿ ದೊಡ್ಡ ಗುಣ. ಅದು ಫಲಿತಾಂಶ ನೋಡಿ ತೀರ್ಪು ಕೊಡುವುದಿಲ್ಲ, ಅಂದಿನ ಎಚ್ಚರವನ್ನು ಅಳೆಯುತ್ತದೆ. ಅಂದಾಜು ಕೈಕೊಟ್ಟವನನ್ನು ತಪ್ಪಿತಸ್ಥನ ಸಾಲಿಗೆ ನಿಲ್ಲಿಸುವುದಿಲ್ಲ.

ಅಮೆಜಾನ್‌ನ ಸರ್ವರುಗಳು ಇದಕ್ಕೆ ಒಳ್ಳೆಯ ನಿದರ್ಶನ. ಆ ಕಂಪನಿ ಪಾಲಿಸುವುದು ಅಮೆರಿಕದ ನಿಯಮವಾದರೂ ಅಂದಾಜಿನ ವಿಷಯದಲ್ಲಿ ತತ್ವ ಇದೇ. 2024ರ ಆರಂಭದಲ್ಲಿ ಸರ್ವರುಗಳ ಆಯಸ್ಸನ್ನು ಐದರಿಂದ ಆರು ವರ್ಷಕ್ಕೆ ಏರಿಸಿದ ಅದು, ಒಂದೇ ವರ್ಷದ ನಂತರ ಅವುಗಳಲ್ಲಿ ಒಂದು ಭಾಗವನ್ನು ಮತ್ತೆ ಐದಕ್ಕೆ ಇಳಿಸಿತು. ತಂತ್ರಜ್ಞಾನ, ಮುಖ್ಯವಾಗಿ ಕೃತಕ ಬುದ್ಧಿಮತ್ತೆಯದು, ವೇಗವಾಗಿ ಬದಲಾಗುತ್ತಿದೆ ಎಂಬುದು ಕೊಟ್ಟ ಕಾರಣ. ಇಳಿಕೆಯಿಂದ 2025ರ ಕಾರ್ಯಾಚರಣೆ ಲಾಭ ಸುಮಾರು 70 ಕೋಟಿ ಡಾಲರ್ ಕುಗ್ಗಬಹುದು ಎಂದೂ ಹೇಳಿತು. ಎರಡೂ ಸಲ ಹಳೆಯ ಅಂಕಿಗಳು ಅಲುಗಲಿಲ್ಲ, ಎರಡೂ ಸಲ ಪರಿಣಾಮದ ಮೊತ್ತ ಬಹಿರಂಗವಾಯಿತು. ಓದುಗ ಆ ಮೊತ್ತವನ್ನು ಲಾಭದಿಂದ ತೆಗೆದು ನೋಡಿ, ವ್ಯಾಪಾರ ಎಷ್ಟು ಬೆಳೆಯಿತು, ಅಂದಾಜು ಎಷ್ಟು ಬೆಳೆಸಿತು ಎಂದು ತಾನೇ ತೂಗಬಹುದು.

ಆದರೆ ಇದೇ ಗಡಿ ದುರುಪಯೋಗಕ್ಕೂ ದಾರಿ. ತಪ್ಪು ಎಂದು ಒಪ್ಪಿಕೊಂಡರೆ ಹಳೆಯ ಆಡಿಟ್ ವರದಿಯೂ ಪ್ರಶ್ನೆಗೊಳಗಾಗುತ್ತದೆ. ಅಂದಾಜು ಬದಲಾಯಿತು ಎಂದರೆ ಯಾರ ಹೆಸರೂ ಕೆಡುವುದಿಲ್ಲ. ನೀತಿಯೋ ಅಂದಾಜೋ ಎಂದು ಬಿಡಿಸಲಾಗದಾಗ ಅಂದಾಜು ಎಂದೇ ಪರಿಗಣಿಸಿ ಎಂದು ಮಾನದಂಡ ಹೇಳುತ್ತದೆ. ಅಂದಾಜೋ ತಪ್ಪೋ ಎಂಬ ಸಂಶಯಕ್ಕೆ ಅಂಥ ರಿಯಾಯಿತಿ ಇಲ್ಲ, ಇರಬಾರದು ಕೂಡ. ಕಡತದ ತಾರೀಕು ನೋಡದೆ ಈ ಸಂಶಯ ಬಗೆಹರಿಯದು. ಒಂದೇ ವರ್ಷದಲ್ಲಿ ಭಾರೀ ಮೊತ್ತದ ಅಂದಾಜು ಬದಲಾವಣೆ ಬಂದು, ಯಾವ ಹೊಸ ಸಂಗತಿ ಯಾವಾಗ ತಿಳಿಯಿತು ಎಂಬ ವಿವರಣೆ ಟಿಪ್ಪಣಿಯಲ್ಲಿ ಇಲ್ಲದಿದ್ದರೆ ಓದುಗ ಅಲ್ಲಿ ನಿಲ್ಲಬೇಕು.

ಸಿಕ್ಕ ತಪ್ಪೆಲ್ಲ ಹಿಂದಿನ ಅವಧಿಯ ತಪ್ಪಾಗುವುದಿಲ್ಲ ಎಂಬುದಕ್ಕೂ ಇಂಡಸ್‌ಇಂಡ್‌ನಲ್ಲೇ ಉದಾಹರಣೆ ಇದೆ. ಅದರ ಕಿರುಸಾಲ ವಿಭಾಗದಲ್ಲಿ 2024–25ರ ಮೂರು ತ್ರೈಮಾಸಿಕಗಳಲ್ಲಿ 674 ಕೋಟಿ ರೂಪಾಯಿ ಬಡ್ಡಿಯೆಂದು ತಪ್ಪಾಗಿ ದಾಖಲಾಗಿ, 2025ರ ಜನವರಿಯಲ್ಲಿ ವಾಪಸಾಯಿತು. ವಾರ್ಷಿಕ ಲೆಕ್ಕಕ್ಕೆ ಸಹಿ ಬೀಳುವ ಮುನ್ನವೇ, ಅದೇ ವರ್ಷದೊಳಗೆ ಸಿಕ್ಕಿದ್ದರಿಂದ ವಾರ್ಷಿಕ ವರದಿಯ ಮಟ್ಟಿಗೆ ಇದು ಹಿಂದಿನ ಅವಧಿಯ ತಪ್ಪಲ್ಲ.

ಇನ್ನು ಮೂಲ ಪ್ರಶ್ನೆ. ಎಎಸ್ 5ರ ಪರವಾಗಿ ಒಂದು ಬಲವಾದ ವಾದವಿದೆ: ತಪ್ಪಿನ ಮೊತ್ತ ಲಾಭ-ನಷ್ಟ ಖಾತೆಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಆಡಳಿತ ಮಂಡಳಿ ಅದನ್ನು ಎದುರಿಸಲೇಬೇಕಾಗುತ್ತದೆ. ಇಂಡ್ ಎಎಸ್ 8ರಲ್ಲಿ ಹೋಲಿಕೆಯ ವರ್ಷಕ್ಕೂ ಹಿಂದಿನ ಮೊತ್ತ ನೇರ ಮೀಸಲಿಗೆ ಹೋಗುತ್ತದೆ. ಮೇಲಿನ ಯಂತ್ರದ ಲೆಕ್ಕದಲ್ಲಿ ಮೂರನೆಯ ವರ್ಷದ 6 ಲಕ್ಷ ಯಾವ ವರ್ಷದ ಲಾಭ-ನಷ್ಟ ಖಾತೆಯಲ್ಲೂ ಓದುಗನಿಗೆ ಕಾಣಸಿಗಲಿಲ್ಲ. ಇಂಡಸ್‌ಇಂಡ್‌ನ 1,960 ಕೋಟಿ ಹೀಗೆ ಮೀಸಲಿನೊಳಗೆ ಸರಿದಿದ್ದರೆ ಜನರ ಗಮನ ಅಷ್ಟು ತೀವ್ರವಾಗಿ ಅದರ ಮೇಲೆ ಬೀಳುತ್ತಿತ್ತೇ ಎಂದು ಕೇಳುವುದು ನ್ಯಾಯವೇ.

ಹಾಗಿದ್ದೂ ಹೊಸ ಮಾನದಂಡವೇ ಮೇಲು. ಲಾಭದ ಅಂಕಿಯನ್ನು ಜನ ಬಳಸುವುದು ಒಂದು ವರ್ಷವನ್ನು ಇನ್ನೊಂದರ ಜೊತೆ ಹೋಲಿಸಲು. ಎಎಸ್ 5ರಲ್ಲಿ ಹಳೆಯ ವರ್ಷ ಉಬ್ಬಿಯೇ ಉಳಿಯುತ್ತದೆ, ಈ ವರ್ಷ ಕುಗ್ಗುತ್ತದೆ, ಮುಂದಿನ ವರ್ಷ ಏನೂ ಮಾಡದೆಯೇ ಭರ್ಜರಿ ಚೇತರಿಕೆ ಕಾಣುತ್ತದೆ. ಒಂದು ತಪ್ಪಿನಿಂದ ಮೂರು ವರ್ಷದ ಚಿತ್ರ ಕೆಡುತ್ತದೆ. ಕಣ್ಣಿಗೆ ಬೀಳದಿರುವ ದೋಷಕ್ಕೆ ಮದ್ದು ಬೇರೆಯೇ ಇದೆ: ಮರುಲೆಕ್ಕ ಮಾಡಿದ ಕಾಲಂಗಳ ನೆತ್ತಿಯ ಮೇಲೆ ಹಾಗೆಂದು ಬರೆದು, ತಪ್ಪಿನ ಒಟ್ಟು ಮೊತ್ತವನ್ನು ಲಾಭ-ನಷ್ಟ ಖಾತೆಯ ಕೆಳಗೇ ಒಂದು ಸಾಲಿನಲ್ಲಿ ಕೊಡುವುದು. ಈಗ ಆ ವಿವರ ಟಿಪ್ಪಣಿಗಳಲ್ಲಿ ಬಂದರೆ ಸಾಕು ಎಂದು ಇಂಡ್ ಎಎಸ್ 8 ಬಿಟ್ಟುಕೊಟ್ಟಿರುವುದು ಅದರ ನಿಜವಾದ ಕೊರತೆ.

ಮರುಲೆಕ್ಕಕ್ಕೆ ಕಾನೂನಿನಲ್ಲೂ ಬೆಲೆಯಿದೆ. ವಂಚನೆಯಿಂದಲೋ ಕಾಯ್ದೆಯ ಉಲ್ಲಂಘನೆಯಿಂದಲೋ ಕಂಪನಿ ತನ್ನ ಲೆಕ್ಕಪತ್ರಗಳನ್ನು ಮರುರೂಪಿಸಬೇಕಾಗಿ ಬಂದರೆ, ಉಬ್ಬಿದ ಲಾಭದ ಮೇಲೆ ವ್ಯವಸ್ಥಾಪಕ ನಿರ್ದೇಶಕರು, ಸಿಇಒಗಳು ಹೆಚ್ಚಾಗಿ ಪಡೆದ ಸಂಭಾವನೆಯನ್ನು, ಅವರು ಹುದ್ದೆ ಬಿಟ್ಟಿದ್ದರೂ, ವಸೂಲಿ ಮಾಡಬೇಕೆಂದು 2013ರ ಕಂಪನಿ ಕಾಯ್ದೆಯ 199ನೇ ವಿಧಿ ಹೇಳುತ್ತದೆ. ಎಷ್ಟು ಹೆಚ್ಚಾಗಿತ್ತು ಎಂದು ಅಳೆಯಲು ಆ ವರ್ಷದ ಸರಿಯಾದ ಲಾಭ ಎಷ್ಟೆಂದು ಗೊತ್ತಿರಬೇಕು. ಹಳೆಯ ವರ್ಷಗಳನ್ನು ಮುಟ್ಟದೆ ಎಲ್ಲವನ್ನೂ ಈ ವರ್ಷಕ್ಕೆ ಸುರಿಯುವ ಎಎಸ್ 5ರ ಅಡಿಯಲ್ಲಿ ಆ ಅಂಕಿ ಯಾವ ವಾರ್ಷಿಕ ವರದಿಯಲ್ಲೂ ಅಚ್ಚಾಗುವುದಿಲ್ಲ. ದೇಶದ ಬ್ಯಾಂಕುಗಳ ಲೆಕ್ಕ ಇರುವುದು ಅದೇ ಎಎಸ್ 5ರಲ್ಲಿ.