ಒಂದೇ ಬಣ್ಣದ ಹೊಣೆ

ಇಡೀ ಚಿತ್ರವನ್ನು ಕಪ್ಪು-ಬಿಳುಪಿಗೆ ಇಳಿಸಿ, ಒಂದು ವಸ್ತುವಿನ ಬಣ್ಣವನ್ನು ಮಾತ್ರ ಉಳಿಸುವ ಪರಿಪಾಠ ಇಂದು ನಮ್ಮ ಮದುವೆಯ ಆಲ್ಬಮ್‌ಗಳಲ್ಲಿ ಸಾಮಾನ್ಯವಾಗಿದೆ. ನೋಡಿದೊಡನೆ ಕಣ್ಣು ಸೆಳೆಯುತ್ತದೆ, ನಿಜ. ಆದರೆ ಉಳಿದ ಆ ಬಣ್ಣ ಏನನ್ನು ಹೇಳುತ್ತಿದೆ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಜಪಾನಿನ ನಿರ್ದೇಶಕ ಅಕಿರ ಕುರೊಸಾವಾ ಅವರ ‘ಹೈ ಅಂಡ್ ಲೋ’ (1963) ಕಪ್ಪು-ಬಿಳುಪಿನ ಚಿತ್ರ. ಪಾದರಕ್ಷೆ ಕಂಪನಿಯ ಅಧಿಕಾರಿಯ ಮಗನೆಂದು ಭ್ರಮಿಸಿ ದುಷ್ಕರ್ಮಿಯು ಅವನ ಕಾರು ಚಾಲಕನ ಮಗನನ್ನು ಅಪಹರಿಸುತ್ತಾನೆ. ಹಣ ತುಂಬುವ ಚೀಲಗಳಲ್ಲಿ ಪೊಲೀಸರು ಒಂದು ಪುಡಿಯನ್ನು ಅಡಗಿಸಿಡಲು ಬಯಸುತ್ತಾರೆ. ಚೀಲ ಸುಟ್ಟರೆ ಅದು ಗುಲಾಬಿ ಬಣ್ಣದ ಹೊಗೆಯಾಗುತ್ತದೆ. ಅದನ್ನು ಹೊಲಿದು ಸೇರಿಸುವವನು ಸ್ವತಃ ಆ ಅಧಿಕಾರಿಯೇ, ತನ್ನ ಹಳೆಯ ಚಮ್ಮಾರಿಕೆಯ ಉಪಕರಣಗಳಿಂದ. ಮುಂದೊಂದು ದಿನ ಬೂದು ನಗರದ ನಡುವಿನ ಚಿಮಣಿಯಿಂದ ಗುಲಾಬಿ ಹೊಗೆ ಏಳುತ್ತದೆ. ಇಡೀ ಚಿತ್ರದಲ್ಲಿ ಬಣ್ಣವಿರುವುದು ಅಲ್ಲಿ ಮಾತ್ರ. ಆ ಬಣ್ಣವನ್ನು ಅಳಿಸಿದರೆ ಹೊಗೆ ಬರಿಯ ಹೊಗೆ, ಸಾಕ್ಷ್ಯವೇ ಇಲ್ಲವಾಗುತ್ತದೆ. ಇಲ್ಲಿ ಬಣ್ಣವು ಕಥೆಯ ಒಂದು ಸಂಗತಿ.

ಸ್ಪೀಲ್‌ಬರ್ಗರ ‘ಷಿಂಡ್ಲರ್ಸ್ ಲಿಸ್ಟ್’ (1993) ಚಿತ್ರದ ಕೆಂಪು ಕೋಟಿನ ಬಾಲೆಯನ್ನೂ ನೆನೆಯಬಹುದು. ಸಾವಿರಾರು ಜನರ ನಡುವೆ ಷಿಂಡ್ಲರನ ಕಣ್ಣು ಆ ಒಂದು ಮಗುವನ್ನು ಹಿಂಬಾಲಿಸುತ್ತದೆ. ಮುಂದೆ ಹೆಣಗಳ ಬಂಡಿಯಲ್ಲಿ ಅದೇ ಕೆಂಪು ಕಂಡಾಗ, ಯಾರೂ ಹೇಳದೆಯೇ ನಮಗೆ ಗುರುತು ಸಿಗುತ್ತದೆ.

ಈಗ ಆಲ್ಬಮ್ಮಿಗೆ ಬರೋಣ. ಧಾರೆಯ ಚಿತ್ರದಲ್ಲಿ ಸೀರೆಯ ಕೆಂಪನ್ನು ಮಾತ್ರ ಉಳಿಸಿದಾಗ ವಧುವಿನ ಮುಖ ಬೂದಿಯಾಗುತ್ತದೆ. ಸೀರೆಗೆ ಜೀವ, ಉಟ್ಟವಳಿಗಿಲ್ಲ. ಅರಿಸಿನದ ಕೈ ಮಾಸುತ್ತದೆ, ತಾಯಿಯ ಹಣೆಯ ಕುಂಕುಮ ಕಪ್ಪು ಚುಕ್ಕೆಯಾಗುತ್ತದೆ. ಕಂಪ್ಯೂಟರಿನಲ್ಲಿ ‘ಕೆಂಪೆಲ್ಲ ಉಳಿಯಲಿ’ ಎಂದು ಬಣ್ಣವನ್ನಷ್ಟೇ ಆಯ್ದರೆ ಇನ್ನೊಂದು ತೊಡಕು: ಹಿಂದೆ ನಿಂತವರ ತುಟಿಯೂ ಮೂಲೆಯ ಪ್ಲಾಸ್ಟಿಕ್ ಕುರ್ಚಿಯೂ ಕೆಂಪಾಗಿಯೇ ಉಳಿಯುತ್ತವೆ. ಕೈಯಿಂದ ಅಂಚು ಬಿಡಿಸಿದರೂ ಕೆಲಸ ಸುಲಭವಲ್ಲ. ಸೀರೆಯ ಕೆಂಪು ಗಲ್ಲದ ಕೆಳಗೆ ಪ್ರತಿಫಲಿಸಿರುತ್ತದೆ. ಅದನ್ನು ಅಳಿಸಿದರೆ ಸೀರೆ ಅಂಟಿಸಿದ ಕಾಗದದಂತೆ ತೋರುತ್ತದೆ. ಅಂಚಿನಲ್ಲಿ, ಕೂದಲೆಳೆಗಳ ಬಳಿ, ದಿಟ್ಟಿಸಿದರೆ ಈ ದೋಷ ತಿಳಿಯುತ್ತದೆ.

ದೊಡ್ಡ ನಷ್ಟ ಬೇರೆಯೇ ಇದೆ. ಮದುವೆಯ ಚಿತ್ರದಲ್ಲಿ ಎಲ್ಲರೂ ಮುಖ್ಯರು. ಮುಂದಿನ ತಲೆಮಾರು ಅಜ್ಜಿಯ ಸೀರೆ ಯಾವ ಬಣ್ಣದ್ದೆಂದು ಕೇಳಿದಾಗ ಆ ಪುಟದಲ್ಲಿ ಉತ್ತರವಿರದು. ಆದ್ದರಿಂದ ಆಲ್ಬಮ್ ಒಪ್ಪಿಕೊಳ್ಳುವಾಗ ಬಣ್ಣದ ಮೂಲಪ್ರತಿಯನ್ನೂ ಕೇಳಿ ಪಡೆಯಬೇಕು. ಬಣ್ಣ ಉಳಿಸಲೇಬೇಕೆಂದಿದ್ದರೆ, ಅದಿಲ್ಲದೆ ತಿಳಿಯದ ಸಂಗತಿ ಆ ಚಿತ್ರದಲ್ಲಿದೆಯೇ ಎಂದು ನೋಡಬೇಕು. ಇಲ್ಲವಾದರೆ ಎಲ್ಲರ ಬಣ್ಣವೂ ಇರಲಿ.