ಗಬ್ಬೂರಿಗೂ ಬರೆದ ಪತ್ರವೇ?

ಕಚೇರಿಯ ಇಮೇಲನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಆದರೆ ಹತ್ತಾರು ಜನರ ಒಂದೂವರೆ ತಾಸು ಚೆನ್ನಾಗಿ ಹೋಗುವುದೂ ಹಾಳಾಗುವುದೂ ಕೆಲವೇ ಸಾಲಿನ ಒಂದು ಬರಹದ ಮೇಲೆ ನಿಂತಿದ್ದರೆ ಅದನ್ನು ಗಂಭೀರವಾಗಿಯೇ ಓದಬೇಕು. ನನ್ನ ಮುಂದಿರುವುದು ಅಂಥ ಒಂದು ಪತ್ರ. ರಾಯಚೂರು ಜಿಲ್ಲೆಯಲ್ಲಿ ಹತ್ತಿ ಬೆಳೆಗಾರರ ನಡುವೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆ ತನ್ನ ಮೊದಲ ಹೈಬ್ರಿಡ್ ಸಭೆಯ ಹಿಂದಿನ ದಿನ ಸಿಬ್ಬಂದಿಗೆ ಕಳಿಸಿದ್ದು. ಎಂಟು ಮಂದಿ ರಾಯಚೂರಿನ ಕಚೇರಿಯಲ್ಲಿ ಒಟ್ಟಿಗೆ ಕೂತು, ಉಳಿದವರು ದೇವದುರ್ಗ, ಮಾನ್ವಿ, ಗಬ್ಬೂರಿನಿಂದ ಮೊಬೈಲಿನಲ್ಲಿ ಸೇರುವ ಸಭೆ ಅದು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಪತ್ರದ ಮುಖ್ಯ ಭಾಗ ಹೀಗಿದೆ:

"ನಾಳೆ 11ಕ್ಕೆ ಸಭೆ. ಎಲ್ಲರೂ 10.50ಕ್ಕೆ ಸಿದ್ಧವಿರಿ. ಕಚೇರಿಯಲ್ಲಿರುವವರು ಒಂದೇ ಲ್ಯಾಪ್‌ಟಾಪಿನಿಂದ ಸೇರುತ್ತೇವೆ, ಬೇರೆ ಯಾರೂ ಲಾಗಿನ್ ಆಗಬೇಡಿ. ಫೀಲ್ಡಿನಲ್ಲಿರುವವರು ಪ್ರತಿಯೊಬ್ಬರೂ ತಮ್ಮ ತಮ್ಮ ಮೊಬೈಲಿನಿಂದಲೇ ಸೇರಬೇಕು, ಕ್ಯಾಮೆರಾ ಕಡ್ಡಾಯ. ಮಾತಾಡದಾಗ ಮ್ಯೂಟ್ ಇರಲಿ. ಎಕೋ ಬಂದರೆ ತಕ್ಷಣ ನಿಮ್ಮ ಮೈಕ್ ಬಂದ್ ಮಾಡಿ. ಲಿಂಕ್ ನಮ್ಮ ಎಲ್ಲ ವಾಟ್ಸ್ಯಾಪ್ ಗ್ರೂಪಿನಲ್ಲೂ ಹಾಕಿದೆ."

ಮೊದಲು ಇದರ ಗುಣ ಹೇಳಬೇಕು. ಚಿಕ್ಕದಾಗಿದೆ, ನೇರವಾಗಿದೆ, ಮೊಬೈಲಿನ ಒಂದೇ ಪರದೆಯಲ್ಲಿ ಮುಗಿಯುತ್ತದೆ. ಹತ್ತು ನಿಮಿಷ ಮುಂಚೆ ಸಿದ್ಧವಿರಿ ಎಂದದ್ದು ಸರಿ. ಕಚೇರಿಗೆ ಒಂದೇ ಲ್ಯಾಪ್‌ಟಾಪ್ ಎಂಬ ಸಾಲಂತೂ ಇಡೀ ಪತ್ರದಲ್ಲಿ ಅತ್ಯುತ್ತಮವಾದದ್ದು, ಅನುಭವ ಇದ್ದವರೇ ಬರೆಯಬಲ್ಲದ್ದು. ಆದರೆ ಅದರ ಮುಂದಿನ ಸಾಲಿನಲ್ಲೇ ಪತ್ರ ಎಡವಿದೆ.

ಗಬ್ಬೂರಿನಲ್ಲಿ ಸಂಸ್ಥೆಯ ಕಾರ್ಯಕರ್ತೆಯರು ಇಬ್ಬರು. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು, ಪತ್ರದಲ್ಲಿ ಇದ್ದಂತೆಯೇ ತಮ್ಮ ತಮ್ಮ ಮೊಬೈಲಿನಿಂದ ಸೇರಿದರು. ಅವರಲ್ಲೊಬ್ಬರು ಬಾಯಿ ತೆರೆದ ಕೂಡಲೇ ಸೀಟಿ ಹೊಡೆದಂತೆ ಕಿರುಚುವ ಸದ್ದು ಎದ್ದಿತು. ಯಾಕೆಂದರೆ ಒಂದು ಮೊಬೈಲಿನ ಸ್ಪೀಕರಿನಿಂದ ಬಂದ ದನಿ ಪಕ್ಕದ ಮೊಬೈಲಿನ ಮೈಕಿಗೆ ಬೀಳುತ್ತದೆ, ಅದು ಸರ್ವರಿಗೆ ಹೋಗಿ ಮೊದಲ ಮೊಬೈಲಿನ ಸ್ಪೀಕರಿನಲ್ಲಿ ಮತ್ತೆ ಹೊರಬರುತ್ತದೆ, ಮತ್ತೆ ಮೈಕಿಗೆ ಬೀಳುತ್ತದೆ. ಪ್ರತಿ ಸುತ್ತಿಗೂ ಸದ್ದು ಬೆಳೆಯುತ್ತದೆ. ಮೊಬೈಲಿನಲ್ಲಿ ಪ್ರತಿಧ್ವನಿ ತಡೆಯುವ ವ್ಯವಸ್ಥೆ ಇರುವುದು ನಿಜ. ಆದರೆ ಅದಕ್ಕೆ ಗೊತ್ತಿರುವುದು ತನ್ನ ಸ್ಪೀಕರಿನಿಂದ ಏನು ಹೊರಡುತ್ತಿದೆ ಎಂಬುದಷ್ಟೇ, ಅದನ್ನು ಮಾತ್ರ ಕಳೆದು ಕಳಿಸುತ್ತದೆ. ಪಕ್ಕದ ಮೊಬೈಲಿನಿಂದ ಬಂದ ದನಿಯನ್ನು ಅದು ಕೋಣೆಯಲ್ಲಿ ಯಾರೋ ಆಡಿದ ಮಾತೆಂದೇ ತಿಳಿಯುತ್ತದೆ.

ಪತ್ರ ಬರೆದವರಿಗೆ ಈ ತತ್ವ ಗೊತ್ತಿತ್ತು. ಗೊತ್ತಿದ್ದುದಕ್ಕೇ ಕಚೇರಿಗೆ ಒಂದೇ ಲ್ಯಾಪ್‌ಟಾಪ್ ಎಂದರು. ಗೊತ್ತಿದ್ದುದನ್ನು ಗಬ್ಬೂರಿಗೆ ಹೇಳಲಿಲ್ಲ, ಏಕೆಂದರೆ ಬರೆಯುವಾಗ ಅವರ ಕಣ್ಣಿಗೆ ಕಂಡ ಕೋಣೆ ಒಂದೇ, ತಾವು ಕೂತ ಕೋಣೆ. ಫೀಲ್ಡಿನವರು ಎಂದರೆ ಒಬ್ಬೊಬ್ಬರಾಗಿ ಎಲ್ಲೋ ನಿಂತ ಜನ ಎಂಬ ಕಲ್ಪನೆ ಪತ್ರದ ಉದ್ದಕ್ಕೂ ಇದೆ. "ಒಂದು ಕೋಣೆಗೆ ಒಂದೇ ಮೈಕ್, ಒಂದೇ ಸ್ಪೀಕರ್" ಎಂದು ಎಲ್ಲರಿಗೂ ಒಂದೇ ಸಾಲು ಬರೆದಿದ್ದರೆ ರಾಯಚೂರಿಗೂ ಗಬ್ಬೂರಿಗೂ ಅದೇ ಸಾಕಾಗುತ್ತಿತ್ತು. ಇಬ್ಬರೂ ಬೇರೆಬೇರೆಯಾಗಿಯೇ ಸೇರಬೇಕಿದ್ದರೆ ಒಬ್ಬರು ಇಯರ್‌ಫೋನ್ ಹಾಕಿಕೊಂಡು ಬೇರೆ ಕೋಣೆಗೆ ಹೋಗಬೇಕು.

ಎಕೋ ಕುರಿತ ಸಾಲು ಇದಕ್ಕಿಂತ ದೊಡ್ಡ ತಪ್ಪು, ಅದು ದಿಕ್ಕನ್ನೇ ತಿರುವಿಹಾಕಿದೆ. ನಾನು ಮಾತಾಡಿದ್ದು ನನಗೇ ಮರಳಿ ಕೇಳಿದರೆ ಸಾಮಾನ್ಯವಾಗಿ ದೋಷ ನನ್ನ ಮೈಕಿನದಲ್ಲ. ನನ್ನ ದನಿ ಇನ್ಯಾರದೋ ಸ್ಪೀಕರಿನಿಂದ ಹೊರಬಂದು ಅವರ ಮೈಕಿನ ಮೂಲಕ ವಾಪಸಾಗುತ್ತಿರುತ್ತದೆ. ಆ ದೋಷ ಯಾರ ಕಡೆ ಇದೆಯೋ ಅವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕೇಳುತ್ತಿರುತ್ತದೆ, ತಮ್ಮಿಂದ ತೊಂದರೆಯಾಗುತ್ತಿದೆ ಎಂಬ ಸುಳಿವೇ ಅವರಿಗಿರುವುದಿಲ್ಲ. ಪತ್ರವನ್ನು ನಂಬಿ ಮಾನ್ವಿಯವರು ತಮಗೆ ಎಕೋ ಕೇಳಿದ ಕೂಡಲೇ ಮೈಕ್ ಬಂದ್ ಮಾಡಿದರು. ಅವರ ಮಾತು ನಿಂತಿತು, ಆದ್ದರಿಂದ ಎಕೋ ಕೂಡ ನಿಂತಿತು, ತಪ್ಪು ಅವರದೇ ಎಂದು ಎಲ್ಲರೂ ಅಂದುಕೊಂಡರು. ಸಭೆಯ ಬಹುಪಾಲು ಅವರು ಮಾತಾಡಲೇ ಇಲ್ಲ. ಸರಿಯಾದ ಕ್ರಮ ಕಷ್ಟದ್ದೇನಲ್ಲ. ಒಬ್ಬರು ಮಾತಾಡುತ್ತಲೇ ಇರಬೇಕು, ಸಭೆ ನಡೆಸುವವರು ಉಳಿದವರನ್ನು ಪಟ್ಟಿಯಿಂದ ಒಬ್ಬೊಬ್ಬರಾಗಿ ಮ್ಯೂಟ್ ಮಾಡುತ್ತ ಹೋಗಬೇಕು. ಯಾರನ್ನು ಮ್ಯೂಟ್ ಮಾಡಿದಾಗ ಎಕೋ ಹೋಯಿತೋ ಅವರ ಕಡೆಯ ಸ್ಪೀಕರ್ ದನಿ ತಗ್ಗಿಸಬೇಕು ಇಲ್ಲವೇ ಇಯರ್‌ಫೋನ್ ಹಾಕಿಸಬೇಕು.

ಕ್ಯಾಮೆರಾ ಕಡ್ಡಾಯ ಎಂಬ ಮಾತಿನ ಹಿಂದಿನ ಆಸೆ ಒಳ್ಳೆಯದೇ, ಮುಖ ನೋಡಿ ಮಾತಾಡುವುದು ಯಾರಿಗೆ ಬೇಡ? ಆದರೆ ಇದರ ವೆಚ್ಚವನ್ನು ಕಚೇರಿಯವರು ಲೆಕ್ಕ ಹಾಕಿಲ್ಲ. ವಿಡಿಯೊ ಕರೆಗೆ ಬರುವುದೂ ಹೋಗುವುದೂ ಸೇರಿ ಸೆಕೆಂಡಿಗೆ 1 ಮೆಗಾಬಿಟ್ ಎಂದು ಸಾಧಾರಣವಾಗಿ ಹಿಡಿದರೂ ತಾಸಿಗೆ 450 ಎಂಬಿ ಆಗುತ್ತದೆ. ಒಂದೂವರೆ ತಾಸಿಗೆ 675 ಎಂಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡವರ ಡೇಟಾದಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲಿಗೇ ಮುಗಿಯಿತು, ಸಂಜೆ ಹೊಲದ ಫೋಟೊ ಅಪ್‌ಲೋಡ್ ಮಾಡುವುದು ಅದೇ ಪ್ಯಾಕಿನಲ್ಲಿ. ಬರೀ ದನಿಗಾದರೆ ಸೆಕೆಂಡಿಗೆ 80 ಕಿಲೋಬಿಟ್ ಸಾಕು, ಒಂದೂವರೆ ತಾಸಿಗೆ ಸುಮಾರು 54 ಎಂಬಿ. ಇಲ್ಲೊಂದು ಸೂಕ್ಷ್ಮವಿದೆ. ನಮ್ಮ ಕ್ಯಾಮೆರಾ ಬಂದ್ ಮಾಡಿದ ಮಾತ್ರಕ್ಕೆ ಬೇರೆಯವರ ವಿಡಿಯೊ ನಮಗೆ ಬರುವುದು ನಿಲ್ಲುವುದಿಲ್ಲ, ಅದಕ್ಕೆ ಆ್ಯಪಿನಲ್ಲಿ ಬೇರೆ ಆಯ್ಕೆ ಇರುತ್ತದೆ. ಡೇಟಾ ಉಳಿಸಲು ಬಯಸುವವರಿಗೆ ಅದನ್ನು ಎಲ್ಲಿ ಒತ್ತಬೇಕೆಂದು ಪತ್ರ ತೋರಿಸಬೇಕಿತ್ತು. "ಮೊದಲ ಎರಡು ನಿಮಿಷ ಮುಖ ತೋರಿಸಿ, ನಮಸ್ಕಾರ ಹೇಳಿ, ಆಮೇಲೆ ಕ್ಯಾಮೆರಾ ನಿಮ್ಮ ಇಷ್ಟ" ಎಂದಿದ್ದರೆ ಆಸೆಯೂ ಈಡೇರುತ್ತಿತ್ತು, ಸಿಗ್ನಲ್ ಕಡಿಮೆ ಇರುವ ಕಡೆ ಮಾತೂ ತುಂಡಾಗುತ್ತಿರಲಿಲ್ಲ.

ಇನ್ನು ಸಭಾ ಮರ್ಯಾದೆ. ಪತ್ರದಲ್ಲಿರುವ ಮರ್ಯಾದೆಯ ಸೂಚನೆ ಅಂದರೆ ಮ್ಯೂಟ್ ಇರಲಿ ಎಂಬುದು. ಅದು ದೂರದವರಿಗೆ ಹೇಳಿದ್ದು. ಕೋಣೆಯಲ್ಲಿ ಕೂತ ಎಂಟು ಜನರಿಗೆ ಒಂದು ಮಾತೂ ಇಲ್ಲ. ಆದರೆ ಹೈಬ್ರಿಡ್ ಸಭೆಯನ್ನು ಹೆಚ್ಚಾಗಿ ಕೆಡಿಸುವುದು ಕೋಣೆಯವರೇ, ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಲ್ಯಾಪ್‌ಟಾಪಿನ ಮೈಕ್ ಇರುವುದು ಎದುರಿಗೆ ಕೂತು ಮಾತಾಡುವ ಒಬ್ಬರಿಗಾಗಿ. ಮೇಜಿನ ಆ ತುದಿಯಲ್ಲಿ ಕೂತವರ ದನಿಗಿಂತ ಪಕ್ಕದಲ್ಲಿ ತಿರುಗುವ ಕೂಲರಿನ ಸದ್ದೇ ಅದಕ್ಕೆ ಜೋರು. ರಾಯಚೂರಿನ ಬೇಸಿಗೆಯಲ್ಲಿ ಕೂಲರ್ ಬಂದ್ ಮಾಡಿ ಎಂದು ಯಾರೂ ಹೇಳಲಾರರು. ಅದನ್ನು ಮೈಕಿನಿಂದ ದೂರದ ಮೂಲೆಗೆ ಸರಿಸಿ, ಗಾಳಿ ಮೈಕಿಗೆ ಬಡಿಯದಂತೆ ಮುಖ ತಿರುಗಿಸಿ ಎಂದು ಹೇಳಬಹುದು. ಮೇಜಿನ ನಡುವೆ ಇಡುವ ಕಾನ್ಫರೆನ್ಸ್ ಸ್ಪೀಕರ್ ಇಲ್ಲದಿದ್ದರೆ ಮಾತಾಡುವವರು ಎದ್ದು ಲ್ಯಾಪ್‌ಟಾಪಿನ ಹತ್ತಿರ ಬರಬೇಕು. ಇದನ್ನು ಬರೆಯದ ಕಾರಣ ಆ ದಿನ ದೇವದುರ್ಗದಿಂದ ಮತ್ತೆ ಮತ್ತೆ ಬಂದದ್ದು ಒಂದೇ ಮಾತು: "ಮೇಡಂ, ಏನೂ ಕೇಳ್ಸವಲ್ದ್ರೀ."

ದೂರದವರ ಪರದೆಯಲ್ಲಿ ಆ ಎಂಟು ಜನರೂ ಒಂದೇ ಚೌಕ, ಅದರ ಮೇಲೆ ಒಂದೇ ಹೆಸರು. ಯಾರು ಮಾತಾಡುತ್ತಿದ್ದಾರೆಂದು ಗೊತ್ತಾಗಬೇಕಾದರೆ ಕೋಣೆಯವರು ಪ್ರತಿ ಸಲ ಹೆಸರು ಹೇಳಿ ಮಾತು ಶುರುಮಾಡಬೇಕು. ಗೋಡೆಯ ಬೋರ್ಡಿನ ಮೇಲೆ ಬರೆದದ್ದು ದೂರದವರಿಗೆ ಕಾಣುವುದಿಲ್ಲ, ಹಾಗಾಗಿ ಲೆಕ್ಕದ ಹಾಳೆಯನ್ನು ಹಿಂದಿನ ದಿನವೇ ಪಿಡಿಎಫ್ ಮಾಡಿ ಕಳಿಸಬೇಕು. ಚಾಟ್ ನೋಡಲು, ಕೈ ಎತ್ತಿದವರನ್ನು ಕರೆಯಲು ಒಬ್ಬರನ್ನು ಹೆಸರಿಟ್ಟು ನೇಮಿಸಬೇಕು. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದರೆ ಯಾರೂ ನೋಡುವುದಿಲ್ಲ. ನ್ಯಾಯಾಲಯಗಳ ವಿಡಿಯೊ ಕಾನ್ಫರೆನ್ಸ್ ನಿಯಮಗಳು ನ್ಯಾಯಾಲಯದ ಕಡೆಗೊಬ್ಬ, ದೂರದ ಕಡೆಗೊಬ್ಬ ಎಂದು ಎರಡೂ ತುದಿಗೆ ಸಂಯೋಜಕರನ್ನು ಇಡುವ ವ್ಯವಸ್ಥೆ ಮಾಡಿವೆ. ಸಣ್ಣ ಸಂಸ್ಥೆಯೂ ಇದನ್ನು ಖರ್ಚಿಲ್ಲದೆ ಮಾಡಬಹುದು.

ಲಿಂಕನ್ನು ಎಲ್ಲ ಗ್ರೂಪಿಗೂ ಹಾಕಿದ್ದು ಅಜಾಗರೂಕತೆ. ಆ ಗ್ರೂಪುಗಳಲ್ಲಿ ನೂರಾರು ರೈತರ ನಂಬರುಗಳಿವೆ, ಅಲ್ಲಿಂದ ಲಿಂಕ್ ಎಲ್ಲಿಗೆ ಬೇಕಾದರೂ ಹೋಗಬಹುದು. 2023ರ ಡಿಸೆಂಬರ್ ಮೊದಲ ವಾರದಲ್ಲಿ ಕರ್ನಾಟಕ ಹೈಕೋರ್ಟಿನ ಆನ್‌ಲೈನ್ ಕಲಾಪಕ್ಕೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದಾಗ ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ವಿಡಿಯೊ ಕಾನ್ಫರೆನ್ಸ್ ಮತ್ತು ನೇರಪ್ರಸಾರವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಹೈಕೋರ್ಟಿಗೇ ಹೀಗಾದ ಮೇಲೆ ನಾವು ಲಿಂಕನ್ನು ಸಿಬ್ಬಂದಿಗೆ ಮಾತ್ರ ಕಳಿಸಬೇಕು, ಒಳಬರುವವರನ್ನು ಹೆಸರು ನೋಡಿ ಬಿಡಬೇಕು. ಹಾಗಾಗಿ ಸೇರುವವರೂ ತಮ್ಮ ಸ್ವಂತ ಹೆಸರಿನಲ್ಲಿ ಬರಬೇಕು.

ಪತ್ರದಲ್ಲಿ ಪೂರ್ತಿ ಬಿಟ್ಟುಹೋದದ್ದು, ಏನಾದರೂ ಕೈಕೊಟ್ಟರೆ ಏನು ಮಾಡಬೇಕೆಂಬುದು. ಸಭೆ ಒಂದೂವರೆ ತಾಸಿನದು. ಬಳಸಿದ್ದು ಗೂಗಲ್ ಮೀಟಿನ ಉಚಿತ ಖಾತೆ, ಮೂರು ಅಥವಾ ಹೆಚ್ಚು ಕಡೆಯಿಂದ ಸೇರಿದರೆ ಅದು 60 ನಿಮಿಷಕ್ಕೆ ಮುಗಿಯುತ್ತದೆ. ಹನ್ನೆರಡಕ್ಕೆ ಸಭೆ ಕಡಿದಾಗ ಕೋಣೆಯವರು ಚರ್ಚೆ ಮುಂದುವರಿಸಿದರು, ದೂರದವರು ಕರೆಂಟ್ ಹೋಗಿರಬೇಕೆಂದು ಕಾಯುತ್ತ ಕೂತರು. "60 ನಿಮಿಷಕ್ಕೆ ಲೈನ್ ಕಡಿಯುತ್ತದೆ, ಅದೇ ಲಿಂಕ್ ಮತ್ತೆ ಒತ್ತಿ. ನೆಟ್ ಹೋದರೆ ಈ ನಂಬರಿಗೆ ಸಾದಾ ಕರೆ ಮಾಡಿ, ಫೋನನ್ನು ಮೇಜಿನ ಮೇಲೆ ಸ್ಪೀಕರಿಗೆ ಹಾಕಿರುತ್ತೇವೆ" ಎಂಬ ಎರಡು ವಾಕ್ಯ ಇದ್ದರೆ ಸಾಕಿತ್ತು. ಆ ಫೋನಿನಲ್ಲಿರುವವರು ಮಾತಾಡುವಾಗ ಅದನ್ನು ಲ್ಯಾಪ್‌ಟಾಪಿನ ಮೈಕಿನ ಹತ್ತಿರ ಹಿಡಿದರೆ ಉಳಿದ ಊರಿನವರಿಗೂ ಕೇಳುತ್ತದೆ.

ಇಷ್ಟೆಲ್ಲ ಸೇರಿಸಿದರೆ ಪತ್ರ ಉದ್ದವಾಗುವುದಿಲ್ಲವೇ ಎಂದು ಕೇಳಬಹುದು. ಪತ್ರವನ್ನು ಎರಡಾಗಿ ಕಳಿಸಬೇಕು ಎಂಬುದು ನನ್ನ ಅಭಿಪ್ರಾಯ. ದೂರದವರಿಗೆ ಐದು ಸಾಲು: ಲಿಂಕ್, ಸ್ವಂತ ಹೆಸರು, ಕೋಣೆಗೆ ಒಂದೇ ಮೈಕ್, ಕ್ಯಾಮೆರಾ ಐಚ್ಛಿಕ, ಕಡಿದರೆ ಕರೆ ಮಾಡಬೇಕಾದ ನಂಬರ್. ಕೋಣೆಯವರಿಗೆ ಬೇರೆ ಐದು: ಹೆಸರು ಹೇಳಿ ಮಾತಾಡಿ, ಮೈಕಿನ ಹತ್ತಿರ ಬನ್ನಿ, ಗುಸುಗುಸು ಬೇಡ, ಹಾಳೆಗಳನ್ನು ಮುಂಚೆ ಕಳಿಸಿ, ಪ್ರತಿ ವಿಷಯಕ್ಕೂ ಮೊದಲು ದೂರದವರ ಮಾತು ಕೇಳಿ. ಒಬ್ಬರಿಗೆ ಬೇಕಾದ್ದು ಇನ್ನೊಬ್ಬರ ಪಟ್ಟಿಯಲ್ಲಿ ಹುದುಗಿಹೋಗಬಾರದು.

ನನ್ನ ತೀರ್ಪು ಇಷ್ಟು: ಈ ಪತ್ರ ರಾಯಚೂರಿನ ಕೋಣೆಯನ್ನು ಕಣ್ಣಮುಂದಿಟ್ಟು ಬರೆದದ್ದು, ಗಬ್ಬೂರಿಗೆ ಅರ್ಧವೂ ತಲುಪಿಲ್ಲ. ಮುಂದಿನ ಸಭೆಗೆ ಪತ್ರ ಬರೆಯುವವರಲ್ಲಿ ಒಂದು ವಿನಂತಿ. ಕರಡು ಸಿದ್ಧವಾದ ಮೇಲೆ ದೂರದಿಂದ ಸೇರುವ ಒಬ್ಬರಿಗೆ ಫೋನ್ ಮಾಡಿ ಓದಿ ಹೇಳಿ. ಎಲ್ಲಿ ಕೂತು ಸೇರುತ್ತೀರಿ, ಜೊತೆಗೆ ಯಾರಿರುತ್ತಾರೆ, ಯಾವ ಪ್ಯಾಕ್ ಹಾಕಿಸಿದ್ದೀರಿ ಎಂದು ಕೇಳಿ. ಆಮೇಲೆ ಕಳಿಸಿ.