ಮೇಜಿನ ಆಚೆಬದಿಯ ನೋರಾ

ಹೆನ್ರಿಕ್ ಇಬ್ಸೆನ್ನನ ‘ಗೊಂಬೆಯ ಮನೆ’ ನಾಟಕದ ಮೂರನೆಯ ಅಂಕದಲ್ಲಿ ತೆರೆಯೇಳುವಾಗ, ಮೊದಲ ಅಂಕದಲ್ಲಿ ಕಿಟಕಿಯ ಸಮೀಪದಲ್ಲಿದ್ದ ದುಂಡುಮೇಜು ಕೋಣೆಯ ನಡುವಿಗೆ ಬಂದು ನಿಂತಿರುವುದು. ಸುತ್ತ ಕುರ್ಚಿಗಳು, ಮೇಲೆ ಉರಿಯುವ ದೀಪ. ಓದುಗರು ಸಾಮಾನ್ಯವಾಗಿ ಗಮನಿಸದೆ ದಾಟಿಹೋಗುವ ಈ ರಂಗಸೂಚನೆಯೇ ಆ ಅಂಕದ ಅಂತ್ಯಭಾಗದ ಸಮಸ್ತ ಚಲನವಿನ್ಯಾಸಕ್ಕೂ ಆಧಾರವೆಂದು ನನ್ನ ಅಭಿಪ್ರಾಯ. ಒಂದೇ ಕೋಣೆಯಲ್ಲಿ ಇಬ್ಬರೇ ಮಾತನಾಡುತ್ತಿರುವಾಗ ಅಧಿಕಾರವು ಒಬ್ಬರಿಂದ ಇನ್ನೊಬ್ಬರಿಗೆ ಸರಿದುಹೋಗುವುದನ್ನು ಕಣ್ಣಿಗೆ ಕಾಣಿಸುವುದು ಹೇಗೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನು ಕಾಣೆ.

ನೋರಾಳ ಗುಟ್ಟನ್ನು ಬಯಲುಮಾಡುವ ಕ್ರೋಗ್‌ಸ್ಟಾಡನ ಪತ್ರವನ್ನು ಓದಿ ಹೊರಬಂದ ಅವಳ ಗಂಡ ಹೆಲ್ಮರನು, ಓಡಿಹೋಗಲಿದ್ದ ಅವಳನ್ನು ತಡೆದು, ಹಜಾರದ ಬಾಗಿಲಿಗೆ ಬೀಗ ಹಾಕಿ, ಕೋಣೆಯಲ್ಲಿ ಶತಪಥ ತಿರುಗುತ್ತ ಅವಳನ್ನು ನಿಂದಿಸುವನು. ಅವಳಾದರೋ ನಿಂತಲ್ಲೇ ಅವನನ್ನು ದಿಟ್ಟಿಸುತ್ತ ಕ್ರಮೇಣ ಬಿಗಿದುಕೊಳ್ಳುವಳು. ಇಲ್ಲಿ ಚಲನೆಯೆಲ್ಲ ಅವನದು, ಬಾಗಿಲೂ ಅವನದು. ಎರಡನೆಯ ಪತ್ರ ಬಂದು ಅಪಾಯ ಕಳೆದ ಮೇಲೆ, ನೋರಾ ನೃತ್ಯದ ವೇಷವನ್ನು ಕಳಚಿ ದಿನನಿತ್ಯದ ಉಡುಪಿನಲ್ಲಿ ಹಿಂದಿರುಗಿ, ಗಂಡನಿಗೆ ಕುಳಿತುಕೊಳ್ಳಲು ಹೇಳಿ, ತಾನು ಮೇಜಿನ ಒಂದು ಬದಿಯಲ್ಲಿ ಕೂರುವಳು. ಅವನು ಎದುರು ಬದಿಯಲ್ಲಿ ಕೂರುವನು. ಅಷ್ಟು ಹೊತ್ತು ಮನಬಂದಂತೆ ಅಡ್ಡಾಡುತ್ತಿದ್ದ ಮನುಷ್ಯನು ಈಗ ಹೆಂಡತಿಯ ಮಾತಿನಂತೆ ಕುಳಿತನು. ಅಧಿಕಾರವು ಕೈಬದಲಾಯಿಸುವುದು ಈ ಕ್ಷಣದಲ್ಲಿಯೇ; ಮುಂದಿನ ದೀರ್ಘವಾದ ವಾದವೆಲ್ಲ ಅದರ ವಿವರಣೆ.

ಅನಂತರದ ಸೂಚನೆಗಳಲ್ಲಿ ಇಬ್ಸೆನ್ನನು ತೋರಿರುವ ಜಿಪುಣತನವು ವಿಶೇಷ ಗಮನಾರ್ಹವಾದುದು. ತಾನು ಮನೆಬಿಟ್ಟು ಹೊರಡುವುದಾಗಿ ನೋರಾ ಹೇಳಿದೊಡನೆ ಹೆಲ್ಮರನು ಥಟ್ಟನೆ ನೆಗೆದು ನಿಲ್ಲುವನು. ಅವಳು ಮಾತ್ರ ಏಳುವಂತೆ ಅಲ್ಲಿ ಸೂಚನೆಯಿಲ್ಲ. ಧರ್ಮ, ನೀತಿ, ತಾಯ್ತನ ಎಲ್ಲವನ್ನೂ ಅವನು ಮುಂದೊಡ್ಡಿ ಮುಗಿದ ಬಹಳ ಹೊತ್ತಿನ ಮೇಲೆ, ಎಂಟು ವರ್ಷ ತಾನು ಬಾಳಿದ್ದು ಅಪರಿಚಿತನೊಬ್ಬನೊಡನೆ ಎಂಬ ಅರಿವನ್ನು ನುಡಿಯುವಾಗಲಷ್ಟೆ ಅವಳು ಎದ್ದು ನಿಲ್ಲುವಳು. ಈ ಎರಡು ಏಳುವಿಕೆಗಳ ನಡುವಣ ಅವಧಿಯೇ ದೃಶ್ಯದ ಪ್ರಾಣ.

ಈ ಅವಧಿಯಲ್ಲಿಯೇ ನಿರ್ದೇಶಕರು ಎಡವುವುದು. ಕುಳಿತಾಡುವ ಮಾತು ಪ್ರೇಕ್ಷಕರಿಗೆ ಬೇಸರ ತಂದೀತೆಂಬ ಭಯದಿಂದ ನೋರಾಳನ್ನೂ ಎಬ್ಬಿಸಿ, ಕಿಟಕಿಗೊಮ್ಮೆ ಒಲೆಗೊಮ್ಮೆ ನಡೆಸಿದರೆ, ಕಡೆಗೆ ಅವಳು ಎದ್ದುನಿಲ್ಲುವುದಕ್ಕೆ ಯಾವ ಬೆಲೆಯೂ ಉಳಿಯುವುದಿಲ್ಲ. ಹೆಲ್ಮರನಿಗೆ ಚಲನೆಯನ್ನು ಕೊಡಬಹುದು, ಕೊಡಲೂ ಬೇಕು. ಅವನು ಅವಳ ಕುರ್ಚಿಯ ಬೆನ್ನಿಗೆ ಬಂದು ನಿಂತನೆನ್ನಿ: ಕುಳಿತವರ ಮೇಲೆ ನಿಂತವರು ಬಾಗಿದರೆ ಸಹಜವಾಗಿ ನಿಂತವರದೇ ಮೇಲುಗೈ. ಆದರೆ ಅವಳು ಕತ್ತು ತಿರುಗಿಸದೆ, ಅವನು ಬಿಟ್ಟೆದ್ದ ಕುರ್ಚಿಯ ಕಡೆಗೇ ನೋಡುತ್ತ ಉತ್ತರ ಕೊಟ್ಟಳೆಂದರೆ, ಅವಳ ಮುಖವನ್ನು ಕಾಣಬೇಕಾದರೆ ಅವನೇ ಸುತ್ತಿ ಮುಂದೆ ಬರಬೇಕಾಗುವುದು. ಆಗ ಅವನ ಎತ್ತರವೇ ಅವನ ನಿಸ್ಸಹಾಯತೆಯಾಗಿ ತೋರುವುದು. ಅವಳ ಕಣ್ಣು ಅವನನ್ನು ಹಿಂಬಾಲಿಸಿತೋ, ಅಧಿಕಾರವೂ ಅವನ ಹಿಂದೆಯೇ ಹೋಯಿತು. ತಾಲೀಮಿನಲ್ಲಿ ಒಮ್ಮೆ ಮಾತನ್ನು ಬಿಟ್ಟು ಬರಿಯ ಚಲನೆಯನ್ನಷ್ಟೆ ಆಡಿಸಿ ನೋಡುವುದರಿಂದ ಇದು ತಿಳಿಯುವುದು: ಯಾರು ಯಾರನ್ನು ಚಲಿಸುವಂತೆ ಮಾಡುತ್ತಿದ್ದಾರೆಂಬುದು ಆಗಲೂ ಸ್ಪಷ್ಟವಾಗದಿದ್ದರೆ, ವಿನ್ಯಾಸವು ಕೇವಲ ಅಡ್ಡಾಟವಾಗಿದೆಯೆಂದೇ ಅರ್ಥ.

ಕಡೆಯಲ್ಲಿ ಉಂಗುರಗಳು ಹಿಂದಿರುಗಿ, ಬೀಗದಕೈಗಳನ್ನು ಅಲ್ಲಿಯೇ ಇಟ್ಟು, ನೋರಾ ಹಜಾರದ ಮೂಲಕ ಹೊರಟುಹೋಗುವಳು. ಹೆಲ್ಮರನು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಸಿಯುವನು. ಬೀಗ ಹಾಕಿ ಅವಳನ್ನು ತಡೆದವನನ್ನು ಆ ಬಾಗಿಲಿನ ಪಕ್ಕದಲ್ಲಿಯೇ ಕುಸಿಯುವಂತೆ ಮಾಡಿದ್ದು ಆಕಸ್ಮಿಕವೆಂದು ನಾನು ಎಣಿಸಲಾರೆ.

ಸ್ಥಾನದ ಮಹತ್ತ್ವಕ್ಕೆ ವಿಪರೀತ ಸಾಕ್ಷಿಯೂ ಒಂದುಂಟು. 1880ರಲ್ಲಿ ಜರ್ಮನಿಯ ನಟಿ ಹೆಡ್ವಿಗ್ ನೀಮಾನ್-ರಾಬೆ, ಮಕ್ಕಳನ್ನು ತೊರೆದು ಹೋಗುವ ತಾಯಿಯಾಗಿ ತಾನು ಅಭಿನಯಿಸಲಾರೆನೆಂದು ಹಟಹಿಡಿಯಲು, ಅನ್ಯರು ನಾಟಕವನ್ನು ತಿದ್ದಿ ಕೆಡಿಸುವುದಕ್ಕಿಂತ ತಾನೇ ತಿದ್ದುವುದು ಲೇಸೆಂದು ಇಬ್ಸೆನ್ನನು ಬೇರೊಂದು ಅಂತ್ಯವನ್ನು ಬರೆದುಕೊಟ್ಟನು. ಅದರಲ್ಲಿ ಹೆಲ್ಮರನು ಅವಳನ್ನು ಮಕ್ಕಳು ಮಲಗಿದ ಕೋಣೆಯ ಬಾಗಿಲಿಗೆ ಎಳೆದೊಯ್ಯುವನು. ಅವಳು ಅದರ ಮುಂದೆ ಕುಸಿದುಬೀಳುವಳು. ಮೇಜಿನ ಬಳಿ ನಡೆದ ವಾದವೆಲ್ಲ ಹಾಗೆಯೇ ಉಳಿದಿದ್ದರೂ, ಎಳೆಯುವವನು ಹೆಲ್ಮರನೂ ಕುಸಿಯುವವಳು ನೋರಾಳೂ ಆದುದರಿಂದ ನಾಟಕವು ತಲೆಕೆಳಗಾಯಿತು. ಆ ಅಂತ್ಯವನ್ನು ಬರೆದವನೇ ಅದನ್ನು ತನ್ನ ನಾಟಕದ ಮೇಲೆ ನಡೆದ ಅತ್ಯಾಚಾರವೆಂಬಂತೆ ಕಟುವಾಗಿ ಖಂಡಿಸಿದನು; ಅವನ ಆ ತೀರ್ಪು ನ್ಯಾಯವಾದುದೇ ಸರಿ.